ಶನಿವಾರ ರಾತ್ರಿ 8:15ಕ್ಕೆ ಎರಡೇ ವಿಷಯ: ನನ್ನ ಗಣಿತ ಲೈವ್ ಕ್ಲಾಸು ಹಳಿಗೆ ಬಂದಿದ್ದು

ಹಿರಿಯೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ವರ್ಷ ಹತ್ತನೇ ಕ್ಲಾಸಿನಲ್ಲಿ 46 ಮಕ್ಕಳಿದ್ದಾರೆ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ 2025ರ ಮಾರ್ಚ್ 24ಕ್ಕೆ. ಶಾಲೆಯ ಹೊತ್ತಿನಲ್ಲಿ ರಿವಿಷನ್ ಮುಗಿಯುವುದಿಲ್ಲ ಅಂತ ಜನವರಿಯಲ್ಲೇ ಗೊತ್ತಾಗಿತ್ತು. ಪಾಠದ ವಿಡಿಯೋ ಹಾಕಲು ಒಂದು ಯೂಟ್ಯೂಬ್ ಚಾನೆಲ್ ಇತ್ತಲ್ಲ, ಅದರಲ್ಲೇ ಲೈವ್ ಕ್ಲಾಸು ಮಾಡೋಣ ಅಂತ ಹೊರಟೆ. ಒಂದು ಕ್ಲಾಸು ಕೆಟ್ಟಿತು, ಒಂದು ಕ್ಲಾಸು ಚೆನ್ನಾಗಿ ಆಯಿತು. ಎರಡರ ಮಧ್ಯೆ ಏನೇನು ಬದಲಾಯಿಸಿದೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಹತ್ತನೇ ಕ್ಲಾಸಿನ ಮಗು ಇದ್ದರೆ ಅಥವಾ ನೀವೂ ಮೇಷ್ಟ್ರೋ ಮೇಡಮ್ಮೋ ಆಗಿದ್ದರೆ ಉಪಯೋಗಕ್ಕೆ ಬರಬಹುದು.

ಫೆಬ್ರವರಿಯಲ್ಲಿ ಮೊದಲ ಸಲ ಚಾನೆಲ್‌ನಲ್ಲಿ ಹಾಕಿದ ಪೋಸ್ಟು ಹೀಗಿತ್ತು: "ಪ್ರೀತಿಯ ಮಕ್ಕಳೇ, ಪರೀಕ್ಷೆ ಹತ್ತಿರ ಬರುತ್ತಿದೆ. ನಿಮ್ಮ ತಯಾರಿಗೆ ಸಹಾಯ ಆಗಲಿ ಅಂತ ಗಣಿತದ ಪುನರಾವರ್ತನೆ ತರಗತಿ ಮಾಡುತ್ತಿದ್ದೇನೆ. ಸಮಾಂತರ ಶ್ರೇಢಿ, ತ್ರಿಭುಜಗಳು, ರೇಖಾತ್ಮಕ ಸಮೀಕರಣಗಳ ಜೋಡಿ, ವೃತ್ತಗಳು, ಸಂಖ್ಯಾಶಾಸ್ತ್ರ ಇರುತ್ತದೆ. ನಾಳೆ ಸಂಜೆ 6 ಗಂಟೆಗೆ ಎಲ್ಲರೂ ಬನ್ನಿ." ಬರೆದಾಗ ತಪ್ಪೇನೂ ಕಾಣಲಿಲ್ಲ. ತಪ್ಪುಗಳು ಆಮೇಲೆ ಒಂದೊಂದಾಗಿ ಕಂಡವು.

ಮೊದಲನೆಯದು ಆ "ನಾಳೆ". ಪೋಸ್ಟು ಹಾಕಿದ ದಿನವೇ ಎಲ್ಲರಿಗೂ ಕಾಣುವುದಿಲ್ಲ. ಕೆಲವರಿಗೆ ಅವತ್ತೇ ಬರುತ್ತದೆ, ಕೆಲವರಿಗೆ ಮಾರನೇ ದಿನ ಯಾವುದೋ ವಿಡಿಯೋ ನೋಡುವಾಗ ಸಿಗುತ್ತದೆ. ಮಾರನೇ ದಿನ ನೋಡಿದ ಹುಡುಗನಿಗೆ "ನಾಳೆ" ಅಂದರೆ ಅದರ ಮರುದಿನ. ನಮ್ಮ ಕ್ಲಾಸಿನ ಮೂವರು ಹಾಗೇ ಒಂದು ದಿನ ತಡವಾಗಿ ಬಂದು ಕಾದಿದ್ದಾರೆ. "ಮೇಡಂ, ನಾವು ಆರು ಗಂಟೆಯಿಂದ ಆರೂ ಮುಕ್ಕಾಲರವರೆಗೂ ನೋಡ್ತಾನೇ ಇದ್ವಿ, ನೀವು ಬರ್ಲೇ ಇಲ್ಲ" ಅಂತ ಒಬ್ಬಳು ಹೇಳಿದಾಗ ನನಗೆ ತುಂಬಾ ಬೇಜಾರಾಯಿತು. ಪರೀಕ್ಷೆ ಹತ್ತಿರ ಇರುವಾಗ ಒಂದು ಮಗುವಿನ ಮುಕ್ಕಾಲು ಗಂಟೆ ನನ್ನಿಂದ ಹಾಳಾಯಿತಲ್ಲ.

ಎರಡನೆಯದು, ಹೊತ್ತನ್ನು ಕೊನೆಯಲ್ಲಿ ಬರೆದಿದ್ದು. ಉದ್ದ ಪೋಸ್ಟಿನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಮಡಚಿಕೊಂಡಿರುತ್ತದೆ, ಒತ್ತಿದರೆ ತೆರೆಯುತ್ತದೆ. ನನ್ನ ಪೋಸ್ಟಿನಲ್ಲಿ ಕಾಣುತ್ತಿದ್ದದ್ದು "ಪ್ರೀತಿಯ ಮಕ್ಕಳೇ, ಪರೀಕ್ಷೆ ಹತ್ತಿರ ಬರುತ್ತಿದೆ". ಅದು ಮಕ್ಕಳಿಗೆ ಗೊತ್ತಿಲ್ಲದ ವಿಷಯವಾ?

ಕ್ಲಾಸಿನ ದಿನ ಇನ್ನೊಂದಾಯಿತು. ಲೈವ್ ಶೆಡ್ಯೂಲ್ ಮಾಡುವಾಗ ಈ ವಿಡಿಯೋ ಮಕ್ಕಳಿಗಾಗಿ ಮಾಡಿದ್ದಾ ಅಂತ ಕೇಳುತ್ತದೆ. ನಾನು ಹೌದು ಅಂತ ಒತ್ತಿದೆ. ನನ್ನ ಪಾಲಿಗೆ ಅವರೆಲ್ಲ ಮಕ್ಕಳೇ ತಾನೇ. ಆದರೆ ಅಲ್ಲಿ ಮಕ್ಕಳು ಅಂದರೆ ಸಾಮಾನ್ಯವಾಗಿ 13 ವರ್ಷದ ಒಳಗಿನವರು. ಹೌದು ಅಂದರೆ ಲೈವ್ ಚಾಟ್ ಬಂದ್ ಆಗುತ್ತದೆ, ಕಾಮೆಂಟೂ ಬಂದ್. ಹತ್ತನೇ ಕ್ಲಾಸಿನವರು 15, 16 ವಯಸ್ಸಿನವರು, ಹಾಗಾಗಿ "ಅಲ್ಲ" ಅಂತ ಒತ್ತಬೇಕಿತ್ತು. ನಾನು ಬೋರ್ಡಿನ ಮುಂದೆ ನಿಂತು "ಇದಕ್ಕೆ ಉತ್ತರ ಎಷ್ಟು, ಚಾಟಲ್ಲಿ ಹಾಕಿ" ಅಂತ ಕೇಳುತ್ತಲೇ ಇದ್ದೆ. 41 ಜನ ನೋಡುತ್ತಿದ್ದಾರೆ ಅಂತ ತೋರಿಸುತ್ತಿತ್ತು. ಒಬ್ಬರೂ ಮಾತಾಡಲಿಲ್ಲ. ಅವರಿಗೆ ಅರ್ಥ ಆಗುತ್ತಿಲ್ಲವೇನೋ ಅಂದುಕೊಂಡು ಇನ್ನೂ ನಿಧಾನವಾಗಿ ಹೇಳಿದೆ. ಐದು ಅಧ್ಯಾಯ ಅಂತ ಬರೆದಿದ್ದೆನಲ್ಲ, ಒಂದು ಗಂಟೆ ಹತ್ತು ನಿಮಿಷದಲ್ಲಿ ಒಂದೂವರೆ ಅಧ್ಯಾಯ ಆಯಿತು. ವೃತ್ತ ಕಲಿಯಲು ಅಂತಲೇ ಬಂದವರಿಗೆ ವೃತ್ತ ಸಿಗಲೇ ಇಲ್ಲ.

ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ ಬಂತು. ಅದರ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಒಂದು ಕೆಲಸ ಮಾಡಿದೆ. ಅಂಕ ಹಾಕುವುದರ ಜೊತೆಗೆ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಯಾವ ಪ್ರಶ್ನೆಯಲ್ಲಿ ಎಷ್ಟು ಮಂದಿ ಎಲ್ಲಿ ನಿಂತರು ಅಂತ ಗೀಟು ಹಾಕುತ್ತಾ ಹೋದೆ. ಬರೀ ತಪ್ಪು ಅಂತಲ್ಲ, ಎಲ್ಲಿಯವರೆಗೆ ಸರಿ ಇತ್ತು, ಯಾವ ಸಾಲಿನಲ್ಲಿ ಜಾರಿದರು ಅಂತ. ಎರಡು ಕಡೆ ಗೀಟುಗಳು ಗುಂಪಾಗಿ ನಿಂತವು. ಒಂದು, ಸಮೀಕರಣಗಳ ಜೋಡಿಯನ್ನು ನಕ್ಷೆಯಿಂದ ಬಿಡಿಸುವುದು. ಇನ್ನೊಂದು, ಥೇಲ್ಸ್ ಪ್ರಮೇಯ. ಎರಡನ್ನೂ ಮಕ್ಕಳು ಬಿಟ್ಟಿರಲಿಲ್ಲ, ಬರೆಯಲು ಹೋಗಿ ಅರ್ಧದಲ್ಲಿ ಕಳೆದುಕೊಂಡಿದ್ದರು. ಅಂಥದ್ದನ್ನೇ ಒಂದು ಕ್ಲಾಸಿನಲ್ಲಿ ಸರಿ ಮಾಡಬಹುದು. ಮೊದಲಿನಿಂದ ಗೊತ್ತೇ ಇಲ್ಲದ್ದನ್ನು ಫೋನಿನ ಪರದೆಯಲ್ಲಿ ಒಂದು ಗಂಟೆಯಲ್ಲಿ ಕಲಿಸಲು ಆಗುವುದಿಲ್ಲ, ಅದಕ್ಕೆ ಪಕ್ಕದಲ್ಲೇ ಕೂತು ಹೇಳಬೇಕು.

ಹಾಗಾಗಿ ಎರಡೇ ವಿಷಯ ಅಂತ ಗಟ್ಟಿ ಮಾಡಿದೆ. ಸಂಖ್ಯಾಶಾಸ್ತ್ರ ಬಿಡಲು ಮನಸ್ಸೇ ಬರಲಿಲ್ಲ, ಆದರೂ ಬಿಟ್ಟೆ.

ಹೊತ್ತಿನ ವಿಷಯಕ್ಕೆ ಬಂದರೆ, ಆರು ಗಂಟೆ ನನಗೆ ಅನುಕೂಲ ಅಂತ ಇಟ್ಟಿದ್ದು. ಮಕ್ಕಳನ್ನು ಕೇಳಿರಲೇ ಇಲ್ಲ. ಒಬ್ಬ ಹುಡುಗಿಯ ತಾಯಿ ಶಾಲೆಗೆ ಬಂದಾಗ ಹೇಳಿದರು, "ಮೇಡಂ, ಮನೇಲಿರೋದು ಒಂದೇ ದೊಡ್ಡ ಫೋನು. ಅದು ಅವರಪ್ಪನ ಹತ್ರ ಇರುತ್ತೆ. ಅವರು ಆಟೋ ನಿಲ್ಲಿಸಿ ಮನೆಗೆ ಬರೋದೇ ಎಂಟು ಗಂಟೆಗೆ." ಆಗ ಕ್ಲಾಸಿನಲ್ಲಿ ಕೈ ಎತ್ತಿಸಿ ಕೇಳಿದೆ, ಮನೆಗೆ ಫೋನು ಎಷ್ಟು ಗಂಟೆಗೆ ಬರುತ್ತದೆ ಅಂತ. ಏಳಕ್ಕೆ ಮುಂಚೆ ಫೋನು ಸಿಗುವವರು ಅರ್ಧಕ್ಕಿಂತ ಕಡಿಮೆ. ಎಂಟಾದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಸಿಗುತ್ತದೆ. ಎಂಟಕ್ಕೇ ಇಟ್ಟರೆ ಬಂದ ತಕ್ಷಣ ಅಪ್ಪನ ಕೈಯಿಂದ ಫೋನು ಕಿತ್ತುಕೊಂಡ ಹಾಗೆ ಆಗುತ್ತದೆ. ಅದಕ್ಕೆ 8:15. ಒಂಬತ್ತೂವರೆಗೆ ಮುಗಿಯಬೇಕು, ಅದಕ್ಕಿಂತ ತಡ ಮಾಡಿದರೆ ಮಕ್ಕಳು ಕಣ್ಣು ಬಿಟ್ಟುಕೊಂಡು ಕೂತಿರುತ್ತಾರೆ ಅಷ್ಟೇ, ತಲೆಗೆ ಏನೂ ಹೋಗುವುದಿಲ್ಲ. ನಕ್ಷೆಗೆ 35 ನಿಮಿಷ, ಪ್ರಮೇಯಕ್ಕೆ 30, ಡೌಟಿಗೆ 10.

ಈ ಸಲ ಪೋಸ್ಟು ಹೀಗೆ ಬರೆದೆ:

"ಮಾರ್ಚ್ 8, ಶನಿವಾರ, ರಾತ್ರಿ 8:15ರಿಂದ 9:30. ಹತ್ತನೇ ಕ್ಲಾಸ್ ಗಣಿತ ಲೈವ್.
1. ನಕ್ಷೆಯಿಂದ ಸಮೀಕರಣ ಬಿಡಿಸುವುದು (8:15). 2. ಥೇಲ್ಸ್ ಪ್ರಮೇಯದ ಸಾಧನೆ (8:50). ಬೇರೆ ಅಧ್ಯಾಯ ಇವತ್ತು ಇಲ್ಲ.
ಗ್ರಾಫ್ ಹಾಳೆ, ಸ್ಕೇಲು, ಚೂಪಾದ ಪೆನ್ಸಿಲ್ಲು ಇಟ್ಟುಕೊಂಡು ಕೂರಿ. ಬರುವ ಮುಂಚೆ ಇದನ್ನು ಮಾಡಿ ನೋಡಿ: 2x + y = 8, x − y = 1. ತಪ್ಪಾದರೂ ಅಳಿಸಬೇಡಿ, ಹಾಗೇ ತನ್ನಿ."

ವಿಷಯದ ಪಕ್ಕದಲ್ಲೇ ಹೊತ್ತು ಬರೆದದ್ದು ತುಂಬಾ ಕೆಲಸಕ್ಕೆ ಬಂತು. ನಕ್ಷೆ ಚೆನ್ನಾಗಿ ಬರುವ ಮಕ್ಕಳು 8:50ಕ್ಕೇ ಬಂದರು. ಫೋನು ತಡವಾಗಿ ಸಿಕ್ಕವರಿಗೂ ಏನು ಹೋಯಿತು, ಏನು ಇದೆ ಅಂತ ಗೊತ್ತಿತ್ತು. "ಅಳಿಸಬೇಡಿ" ಅಂತ ಬರೆದದ್ದಕ್ಕೆ ಕಾರಣ ಆಮೇಲೆ ಹೇಳುತ್ತೇನೆ.

ಶುಕ್ರವಾರ ರಾತ್ರಿ ಒಂದು ಟ್ರಯಲ್ ಮಾಡಿದೆ. ನನ್ನ ಜೊತೆ ಕೆಲಸ ಮಾಡುವ ವಿಜ್ಞಾನದ ಮೇಷ್ಟ್ರು ಲ್ಯಾಪ್‌ಟಾಪ್ ಕೊಟ್ಟಿದ್ದರು. ಯಾರಿಗೂ ಕಾಣದ ಹಾಗೆ ಪ್ರೈವೇಟ್ ಇಟ್ಟು ಲೈವ್ ಶುರು ಮಾಡಿ, ಅದೇ ಅಕೌಂಟಿನಿಂದ ನನ್ನ ಫೋನಿನಲ್ಲಿ ನೋಡಿದೆ. ಫೋನಿನಲ್ಲಿ ಬೇಕಂತಲೇ 360p ಇಟ್ಟೆ. ಡೇಟಾ ಉಳಿಸಲು ಮಕ್ಕಳು ಅದನ್ನೇ ಇಟ್ಟುಕೊಳ್ಳುತ್ತಾರೆ, ಅಥವಾ ನೆಟ್‌ವರ್ಕ್ ಇಲ್ಲದೆ ತಾನಾಗೇ ಅಲ್ಲಿಗೆ ಇಳಿಯುತ್ತದೆ. ಬೋರ್ಡಿನ ಮೇಲೆ x − y = 1 ಅಂತ ಬರೆದಿದ್ದೆ. ಫೋನಿನಲ್ಲಿ x   y = 1 ಅಂತ ಕಂಡಿತು. ಮೈನಸ್ ಮಾಯ. ಹಳೇ ಮಾರ್ಕರಿನ ಸಣ್ಣ ಅಡ್ಡಗೀಟು 360pಯಲ್ಲಿ ಬಿಳಿ ಬೋರ್ಡಿನ ಜೊತೆ ಕಲಸಿಹೋಗಿತ್ತು. ಚಿಹ್ನೆಯ ತಪ್ಪನ್ನು ಸರಿ ಮಾಡುವ ಕ್ಲಾಸಿನಲ್ಲಿ ಚಿಹ್ನೆಯೇ ಕಾಣದಿದ್ದರೆ ಏನು ಗತಿ. ಹೊಸ ಕಪ್ಪು ಮಾರ್ಕರ್ ತಂದೆ. ಮೈನಸ್ಸನ್ನು ಒಂದು ಅಕ್ಷರದಷ್ಟು ಅಗಲ, ಎರಡು ಸಲ ಎಳೆದು ಬರೆಯುವ ಅಭ್ಯಾಸ ಮಾಡಿದೆ. ಒಂದು ಸಾಲಿನಲ್ಲಿ ಒಂದೇ ಸಮೀಕರಣ. ಬೋರ್ಡಿನ ಮೇಲೆ ಒಂದು ಸಲಕ್ಕೆ ಆರು ಸಾಲಿಗಿಂತ ಜಾಸ್ತಿ ಬೇಡ.

ಟ್ರಯಲ್‌ನಲ್ಲೇ ಇನ್ನೊಂದು ಕಂಡಿತು. ನಾನು ಕೈ ಎತ್ತಿದರೆ ಫೋನಿನಲ್ಲಿ ಕೈ ಏಳಲು ಇಪ್ಪತ್ತು ಸೆಕೆಂಡಿನ ಮೇಲೇ ಬೇಕು. ಅಂದರೆ ನಾನು ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಕಾದು ಮುಂದೆ ಹೋದರೆ, ಆ ಪ್ರಶ್ನೆ ಮಕ್ಕಳಿಗೆ ಇನ್ನೂ ತಲುಪೇ ಇರುವುದಿಲ್ಲ. ಅವರ ಉತ್ತರ ಬರುವ ಹೊತ್ತಿಗೆ ನಾನು ಮುಂದಿನ ಪ್ರಶ್ನೆಯಲ್ಲಿರುತ್ತೇನೆ, ಆ ಉತ್ತರವನ್ನು ಇದಕ್ಕೇ ಅಂದುಕೊಂಡು ತಪ್ಪು ಅನ್ನುತ್ತೇನೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಲೈವ್‌ನ ಸೆಟ್ಟಿಂಗ್ ಒಳಗೆ ಲೇಟೆನ್ಸಿ ಅಂತ ಇದೆ, ಅದನ್ನು ನಾರ್ಮಲ್‌ನಿಂದ ಲೋ ಮಾಡಿದೆ. ಅಂತರ ಸುಮಾರು ಹತ್ತು ಸೆಕೆಂಡಿಗೆ ಇಳಿಯಿತು. ಅಲ್ಟ್ರಾ ಲೋ ಅಂತಲೂ ಇದೆ, ಆದರೆ ನೆಟ್‌ವರ್ಕ್ ಸರಿ ಇಲ್ಲದ ಕಡೆ ವಿಡಿಯೋ ನಿಂತು ನಿಂತು ಬರುತ್ತದೆ, ನಮ್ಮ ಹಳ್ಳಿಗಳಿಗೆ ಅದು ಆಗುವುದಿಲ್ಲ. ಜೊತೆಗೆ ಪ್ರಶ್ನೆಗಳಿಗೆ ನಂಬರ್ ಕೊಟ್ಟೆ. "ಪ್ರಶ್ನೆ 3ಕ್ಕೆ ಉತ್ತರ ಹಾಕುವಾಗ ಮುಂದೆ 3 ಅಂತ ಬರೆಯಿರಿ." ಇಷ್ಟು ಮಾಡಿದ ಮೇಲೆ ಗೊಂದಲ ಹೋಯಿತು.

ಶನಿವಾರ 8:15ಕ್ಕೆ ಶುರು ಮಾಡಿದಾಗ 58 ಜನ ಇದ್ದರು. ನಮ್ಮ ಶಾಲೆಯವರಷ್ಟೇ ಅಲ್ಲ, ಪಕ್ಕದ ಊರಿನವರೂ ಬಂದಿದ್ದರು. ಮೊದಲು ಮನೆಯಲ್ಲಿ ಮಾಡಿದ ಲೆಕ್ಕದ ಉತ್ತರ ಕೇಳಿದೆ. ಉತ್ತರಗಳು ಮೂರು ಥರ ಬಂದವು. ಕೆಲವರು x = 3, y = 2 ಅಂದರು. ಕೆಲವರು "ರೇಖೆಗಳು ಸೇರಲ್ಲ ಮೇಡಂ, ಪರಿಹಾರ ಇಲ್ಲ" ಅಂದರು. ಇಬ್ಬರು x = 7, y = −6 ಅಂದರು.

ಈ "ಸೇರಲ್ಲ" ಅಂದವರಿಗಾಗಿಯೇ ನಾನು ಕ್ಲಾಸು ಇಟ್ಟಿದ್ದು. ಪೂರ್ವಸಿದ್ಧತಾ ಪತ್ರಿಕೆಯಲ್ಲೂ ಇದೇ ಥರದ ತಪ್ಪು ಕಂಡಿತ್ತು. ಅವರು ಹಾಕಿದ ಕೋಷ್ಟಕವನ್ನು ಓದಿ ಅಂತ ಒಬ್ಬಳಿಗೆ ಹೇಳಿದೆ. ಚಾಟಿನಲ್ಲಿ ಬರೆದಳು: ಮೊದಲ ಸಮೀಕರಣಕ್ಕೆ x 0, 1, 2 ಆದರೆ y 8, 6, 4. ಇದು ಸರಿ. ಎರಡನೆಯದಕ್ಕೆ x 0, 1, 2 ಆದರೆ y 1, 0, −1. ಇದು ತಪ್ಪು. x − y = 1 ಅನ್ನುವುದರಲ್ಲಿ x ಅನ್ನು ಆಚೆ ಕಳಿಸಿದಾಗ −y = 1 − x ಆಗುತ್ತದೆ. ಆ ಎಡಗಡೆಯ ಮೈನಸ್ಸನ್ನು ಮರೆತು y = 1 − x ಅಂತ ಬರೆದುಬಿಡುತ್ತಾರೆ. ಎರಡೂ ಕಡೆ ಚಿಹ್ನೆ ಬದಲಾಯಿಸಿದರೆ y = x − 1. ಆಗ x 0, 1, 2ಕ್ಕೆ y −1, 0, 1 ಬರುತ್ತದೆ.

ಈ ಒಂದು ಮೈನಸ್ ಮುಂದೆ ಏನು ಮಾಡುತ್ತದೆ ಅಂತ ಬೋರ್ಡಿನ ಮೇಲೆ ಎರಡೂ ಎಳೆದು ತೋರಿಸಿದೆ. ತಪ್ಪು ಕೋಷ್ಟಕದಿಂದ ಎಳೆದ ರೇಖೆಯೂ ಕೆಳಗೆ ಇಳಿಯುತ್ತದೆ, ಮೊದಲ ರೇಖೆಯೂ ಕೆಳಗೆ ಇಳಿಯುತ್ತದೆ. ಒಂದು ಸ್ವಲ್ಪ ಕಡಿದಾಗಿ, ಇನ್ನೊಂದು ಸ್ವಲ್ಪ ನಿಧಾನವಾಗಿ. ಅವು ಸೇರುವುದು (7, −6)ರಲ್ಲಿ. ಮಕ್ಕಳು x ಅಕ್ಷದಲ್ಲಿ 4, 5ರವರೆಗೆ ಗುರುತು ಹಾಕಿ, ಕೊನೆಯ ಬಿಂದು ಬಂದ ಕೂಡಲೇ ರೇಖೆ ನಿಲ್ಲಿಸಿರುತ್ತಾರೆ. ಹಾಗಾಗಿ ಸೇರುವುದೇ ಕಾಣುವುದಿಲ್ಲ. "ಸಮಾಂತರ, ಪರಿಹಾರ ಇಲ್ಲ" ಅಂತ ಬರೆದು ಮುಗಿಸುತ್ತಾರೆ. x = 7, y = −6 ಅಂದ ಆ ಇಬ್ಬರು ಅದೇ ತಪ್ಪು ಮಾಡಿದ್ದರು, ಆದರೆ ರೇಖೆಯನ್ನು ಹಾಳೆಯ ಅಂಚಿನವರೆಗೂ ಎಳೆದಿದ್ದರು. ಅವರಿಗೆ ಹೇಳಿದೆ, ಆ ಬೆಲೆಗಳನ್ನು ಎರಡೂ ಸಮೀಕರಣದಲ್ಲಿ ಇಟ್ಟು ನೋಡಿ ಅಂತ. ಮೊದಲನೆಯದರಲ್ಲಿ 14 − 6 = 8, ಸರಿಹೋಯಿತು. ಎರಡನೆಯದರಲ್ಲಿ 7 − (−6) = 13, ಬರಬೇಕಿದ್ದದ್ದು 1. ತಪ್ಪು ಎರಡನೇ ಕೋಷ್ಟಕದಲ್ಲೇ ಇದೆ ಅಂತ ಆ ಲೆಕ್ಕವೇ ತೋರಿಸಿಕೊಟ್ಟಿತು. ಈ ತಾಳೆ ನೋಡಲು ಒಂದು ನಿಮಿಷ ಸಾಕು.

ಅಳಿಸಬೇಡಿ ಅಂತ ಬರೆದದ್ದು ಇದಕ್ಕೇ. ಸರಿ ಉತ್ತರ ಬರೆದುಕೊಂಡವರಿಗೆ ತಮ್ಮ ಕೈ ಎಲ್ಲಿ ಜಾರುತ್ತದೆ ಅಂತ ಗೊತ್ತಾಗುವುದಿಲ್ಲ. ತಪ್ಪು ರೇಖೆಯ ಪಕ್ಕದಲ್ಲೇ ಬೇರೆ ಬಣ್ಣದಲ್ಲಿ ಸರಿ ರೇಖೆ ಎಳೆದಾಗ, ಅದು ಮೇಲಕ್ಕೆ ಏರುತ್ತಾ ಬಂದು (3, 2)ರಲ್ಲಿ ಮೊದಲ ರೇಖೆಗೆ ತಾಕುತ್ತದೆ. ಚಾಟಿನಲ್ಲಿ ಒಬ್ಬ ಬರೆದ, "ಒಂದು ಮೈನಸ್ಸಿಗೆ ಗೆರೆ ಪೂರ್ತಿ ತಿರುಗಿಬಿಡ್ತು." ಹೌದು, ಅಷ್ಟೇ ವಿಷಯ. ಇನ್ನೆರಡು ಮಾತು ಮಾತ್ರ ಹೇಳಿದೆ. ಅಳತೆ, ಅಂದರೆ 1 ಸೆಂ.ಮೀ. = 1 ಮಾನ ಅನ್ನುವುದನ್ನು ಹಾಳೆಯ ಮೂಲೆಯಲ್ಲಿ ಬರೆಯಬೇಕು. ಸೇರುವ ಬಿಂದುವಿನ ಹತ್ತಿರ (3, 2) ಅಂತ ಬರೆದರೆ ಸಾಲದು, ಕೆಳಗೆ x = 3, y = 2 ಅಂತ ಬೇರೆಯಾಗಿ ಬರೆಯಬೇಕು.

8:50ಕ್ಕೆ ಥೇಲ್ಸ್ ಪ್ರಮೇಯ. ABC ತ್ರಿಭುಜ, ಅದರೊಳಗೆ BCಗೆ ಸಮಾಂತರವಾಗಿ DE. AD/DB = AE/EC ಅಂತ ಸಾಧಿಸಬೇಕು. ದತ್ತ, ಸಾಧನೀಯ, ರಚನೆ ಎಲ್ಲ ಮಕ್ಕಳಿಗೆ ಬಾಯಿಪಾಠ. BE, CD ಸೇರಿಸಿ, ABಗೆ ಲಂಬವಾಗಿ EN, ACಗೆ ಲಂಬವಾಗಿ DM ಎಳೆಯುತ್ತಾರೆ. ADE ತ್ರಿಭುಜದ ವಿಸ್ತೀರ್ಣ ½ × AD × EN, ಇದನ್ನೂ ಬರೆಯುತ್ತಾರೆ. ಮುಂದಿನ ಸಾಲು, BDE ತ್ರಿಭುಜದ ವಿಸ್ತೀರ್ಣ ½ × DB × EN. ಇಲ್ಲಿ ನಿಲ್ಲುತ್ತಾರೆ. ಕೆಲವರು EN ಬದಲು BE ಬರೆದಿದ್ದರು, ಕೆಲವರು ಎತ್ತರಕ್ಕೆ ಹೊಸ ಅಕ್ಷರವನ್ನೇ ಹುಟ್ಟಿಸಿದ್ದರು. ಬಾಯಿಪಾಠ ಮಾಡಿದ್ದು ಮರೆತಿದ್ದಾರೆ ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದಲ್ಲ. EN ಅನ್ನುವುದು BDE ತ್ರಿಭುಜದ ಒಳಗೆ ಇಲ್ಲವೇ ಇಲ್ಲ! ಅದು ಪಕ್ಕದ ADE ತ್ರಿಭುಜದ ಒಳಗಿದೆ. ಪಕ್ಕದ ಮನೆಯಲ್ಲಿರುವ ಗೆರೆ ನಮ್ಮ ತ್ರಿಭುಜದ ಎತ್ತರ ಹೇಗಾಗುತ್ತದೆ ಅನ್ನುವುದು ಅವರ ಪ್ರಶ್ನೆ. ಅದನ್ನು ಕೇಳಲು ಮಾತ್ರ ಬರುತ್ತಿರಲಿಲ್ಲ.

ಅವತ್ತು ಒಂದು ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಬೋರ್ಡಿನ ಮೇಲಿನ ADE ಭಾಗವನ್ನು ಪೂರ್ತಿ ಮುಚ್ಚಿದೆ. ಈಗ BDE ಮಾತ್ರ ಕಾಣುತ್ತದೆ. D ಹತ್ತಿರದ ಕೋನ ನೋಡಿ, 90ಕ್ಕಿಂತ ದೊಡ್ಡದು, ಅದು ವಿಶಾಲ ಕೋನ ತ್ರಿಭುಜ. DB ಪಾದ ಆದರೆ E ಇಂದ ಲಂಬ ಎಲ್ಲಿ ಬೀಳುತ್ತದೆ? DBಯ ಮೇಲೆ ಬೀಳುವುದಿಲ್ಲ. BD ಗೆರೆಯನ್ನು ಮೇಲಕ್ಕೆ ಬೆಳೆಸಬೇಕು. ಸ್ಕೇಲಿಟ್ಟು ಹಾಳೆಯ ಮೇಲೇ BDಯನ್ನು ಬೆಳೆಸಿ E ಇಂದ ಲಂಬ ಎಳೆದೆ. ಆಮೇಲೆ ಹಾಳೆ ತೆಗೆದೆ. ಹಾಳೆಯ ಮೇಲೆ ಎಳೆದ ಜಾಗದಲ್ಲೇ ಕೆಳಗೆ EN ಇತ್ತು. ಹತ್ತು ಸೆಕೆಂಡ್ ಆದ ಮೇಲೆ ಚಾಟು ತುಂಬಿತು. ಎರಡು ತ್ರಿಭುಜಕ್ಕೂ ಎತ್ತರ ಒಂದೇ, ಹಾಗಾಗಿ ಭಾಗಿಸಿದಾಗ ½ ಮತ್ತು EN ಹೊಡೆದುಹೋಗಿ AD/DB ಉಳಿಯುತ್ತದೆ. ಆ ಕಡೆ DM ಇಟ್ಟುಕೊಂಡು ಹೀಗೇ ಮಾಡಿದರೆ AE/EC.

ಕೊನೆಯ ಹೆಜ್ಜೆಗೆ ಒಂದು ಕಾರಣ ಬರೆಯಬೇಕು. BDE ಮತ್ತು DEC ತ್ರಿಭುಜಗಳ ವಿಸ್ತೀರ್ಣ ಸಮ, ಯಾಕೆಂದರೆ ಎರಡೂ DE ಎನ್ನುವ ಒಂದೇ ಪಾದದ ಮೇಲೆ, DE ಮತ್ತು BC ಎಂಬ ಸಮಾಂತರ ರೇಖೆಗಳ ನಡುವೆ ಇವೆ. ಇಡೀ ಸಾಧನೆಯಲ್ಲಿ ಸಮಾಂತರ ಅನ್ನುವ ದತ್ತ ಕೆಲಸಕ್ಕೆ ಬರುವುದು ಇಲ್ಲೊಂದೇ ಕಡೆ. ಈ ಸಾಲು ಬಿಟ್ಟರೆ DE ಓರೆಯಾಗಿದ್ದರೂ ಪ್ರಮೇಯ ನಿಜ ಅಂದ ಹಾಗೆ ಆಗುತ್ತದೆ. ಇಷ್ಟು ಹೇಳಿದ ಮೇಲೆ, "ಅದಕ್ಕೇನಾ ಮೇಡಂ ಆ ಸಾಲಿಲ್ಲ ಅಂತ ಮಾರ್ಕ್ಸ್ ಕಟ್ ಮಾಡಿದ್ದು" ಅಂತ ಒಬ್ಬಳು ಕೇಳಿದಳು. ಅದಕ್ಕೇ ಕಣಮ್ಮ ಅಂದೆ.

9:20ಕ್ಕೆ ಮುಗಿಯಬೇಕಿದ್ದ ಪ್ರಮೇಯ 9:25ಕ್ಕೆ ಮುಗಿಯಿತು. ಡೌಟಿಗೆ ಐದೇ ನಿಮಿಷ ಸಿಕ್ಕಿತು. ಸೋಮವಾರ ಶಾಲೆಯಲ್ಲಿ ಇನ್ನೊಂದು ಜೋಡಿ ಸಮೀಕರಣ ಕೊಟ್ಟು ನೋಡಿದೆ. 46ರಲ್ಲಿ 9 ಮಂದಿ ಇನ್ನೂ ಅದೇ ಮೈನಸ್ ಬಿಟ್ಟರು. ಅದರಲ್ಲಿ 6 ಮಂದಿ ಲೈವ್‌ಗೆ ಬಂದಿರಲಿಲ್ಲ. ಅವರನ್ನು ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಮಾಡಿಸುತ್ತಿದ್ದೇನೆ.

ಈ ವಾರದ್ದು ಇಲ್ಲೇ ಹೇಳಿಬಿಡುತ್ತೇನೆ. ಮಾರ್ಚ್ 15, ಶನಿವಾರ, ರಾತ್ರಿ 8:15ರಿಂದ 9:30. 8:15ಕ್ಕೆ ವರ್ಗೀಕೃತ ದತ್ತಾಂಶದ ಮಧ್ಯಾಂಕ. 8:50ಕ್ಕೆ ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳ ಪ್ರಮೇಯ. ಬರುವ ಮುಂಚೆ ಈ ಲೆಕ್ಕ ಮಾಡಿ ನೋಡಿ: ವರ್ಗಾಂತರ 0–10, 10–20, 20–30, 30–40, 40–50. ಆವೃತ್ತಿ ಕ್ರಮವಾಗಿ 4, 6, 10, 7, 3. ಮಧ್ಯಾಂಕ ಎಷ್ಟು? ನಿಮಗೆ 15 ಅಂತ ಬಂದಿದ್ದರೆ ಅಳಿಸಬೇಡಿ. ಮಧ್ಯಾಂಕ ಇರುವ ವರ್ಗಾಂತರ 20–30 ಅಂತ ನೀವೇ ಬರೆದಿರುತ್ತೀರಿ, ಅದರೊಳಗೆ 15 ಹೇಗೆ ಬಂತು ಅಂತ ಹುಡುಕಿಕೊಂಡು ಬನ್ನಿ.